ದೂರದಿಂದ ಓದುವ ಅಂಗಿ

ಈ ನಗರದ ಕಾಲೇಜೊಂದರಲ್ಲಿ ಓದುತ್ತಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಅಲ್ಲಿಯ ಕನ್ನಡ ಸಂಘದ ಉತ್ಸವಕ್ಕಾಗಿ 60 ಟೀ ಷರ್ಟುಗಳನ್ನು ಮಾಡಿಸಲು ಹೊರಟು, ಮೂರು ಚಿತ್ರಗಳನ್ನು ನಮ್ಮ ಮುಂದಿಟ್ಟರು. ಹಿಂದಿನ ವರ್ಷದ ಉತ್ಸವದಲ್ಲಿ ಜನಸಂದಣಿಯೊಳಗೆ ತಾಯಿಯಿಂದ ಅಗಲಿದ ಮಗುವೊಂದು ಬಹಳ ಹೊತ್ತು ಅಳುತ್ತ ನಿಂತಿತ್ತಂತೆ. ಸ್ವಯಂಸೇವಕರು ಹತ್ತು ಮಾರಿನೊಳಗೇ ಇದ್ದರೂ ಅವರ ಬೆನ್ನಿನ ಮೇಲಿನ ಬರಹ ಯಾರಿಗೂ ಓದಲು ಬಂದಿರಲಿಲ್ಲ. ಆದುದರಿಂದ ಚಿತ್ರದ ಅಂದಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಿದೆವು: ದೂರಕ್ಕೆ ಕಾಣುವುದೆ? ಬಣ್ಣಗಳು ಎಷ್ಟು? ಖರ್ಚು ಎಷ್ಟು?

ಮೊದಲನೆಯ ಚಿತ್ರವು ಕಪ್ಪು ಅಂಗಿಯ ಮೇಲೆ ನಾಲ್ಕು ಬಣ್ಣದ ನವಿಲು. ಅದರ ಕೆಳಗೆ ‘ಸ್ವಯಂಸೇವಕ’ ಎಂಬ ಮಾತು. ಎರಡನೆಯದು ಕಡುನೀಲಿ ಅಂಗಿಯ ಮೇಲೆ ಎಡಗಡೆ ಹಳದಿ ದೀಪ, ಬಲಗಡೆ ಬಿಳಿಯ ‘ನೆರವು’. ಮೂರನೆಯದು ಅದೇ ಕಡುನೀಲಿಯ ಮೇಲೆ ಕೆಂಪಿನಲ್ಲಿ ದೊಡ್ಡದಾಗಿ ‘ನೆರವು’ ಎಂಬುದಷ್ಟೇ.

ಮೊದಲು ಓದುವ ಮಾತನ್ನು ನೋಡೋಣ. ಹತ್ತು ಅಡಿ ದೂರಕ್ಕೆ ಅಕ್ಷರದ ಎತ್ತರ ಒಂದು ಅಂಗುಲವಿದ್ದರೆ ಬರಹವನ್ನು ಸುಖವಾಗಿ ಓದಬಹುದೆಂಬುದು ಫಲಕಗಳಿಗೆ ಅನ್ವಯಿಸುವ ಒಂದು ಸ್ಥೂಲ ನಿಯಮ. ಉತ್ಸವದ ಅಂಗಳದಲ್ಲಿ 30 ಅಡಿಗೆ ಕಾಣಬೇಕಾದರೆ ಮೂರಂಗುಲ ಬೇಕು. ಬೆನ್ನಿನ ಮೇಲೆ ಮುದ್ರಣಕ್ಕೆ ದೊರೆಯುವ ಅಗಲವಾದರೋ ಸುಮಾರು 12 ಅಂಗುಲ. ಅಷ್ಟರೊಳಗೆ ‘ಸ್ವಯಂಸೇವಕ’ವನ್ನು ಹಿಡಿಸಿದರೆ ಅಕ್ಷರ ಒಂದೂವರೆ ಅಂಗುಲಕ್ಕೆ ಇಳಿಯುತ್ತದೆ, ಒತ್ತಕ್ಷರವಂತೂ ಇನ್ನೂ ಚಿಕ್ಕದು. ‘ನೆರವು’ ಮೂರೇ ಅಕ್ಷರದ ಮಾತಾದುದರಿಂದ ಮೂರಂಗುಲ ದೊರೆಯುತ್ತದೆ. ಆದರೆ ಎರಡನೆಯ ಚಿತ್ರದಲ್ಲಿ ದೀಪವು ಪಕ್ಕದ ಜಾಗವನ್ನು ಕಬಳಿಸಿದ್ದರಿಂದ ಅದೇ ಮಾತು ಎರಡು ಅಂಗುಲಕ್ಕೆ ಕುಗ್ಗಿತ್ತು.

ಇದನ್ನು ಅಂಗಿಯಿಲ್ಲದೆಯೇ ಪರೀಕ್ಷಿಸಬಹುದು. ಚಿತ್ರವನ್ನು ಆರನೆಯ ಒಂದು ಭಾಗಕ್ಕೆ ಕಿರಿದುಮಾಡಿ, ಅಂದರೆ 2 ಅಂಗುಲ ಅಗಲಕ್ಕೆ ಕಾಗದದ ಮೇಲೆ ತೆಗೆದು, 5 ಅಡಿ ದೂರದಿಂದ ನೋಡಬೇಕು. ಕಣ್ಣಿಗೆ ಅದು 30 ಅಡಿ ದೂರದ ಅಂಗಿಯಷ್ಟೇ ಕಾಣುತ್ತದೆ. ಆ ಮಾತನ್ನು ಮೊದಲೇ ಅರಿಯದವರಿಂದ ಓದಿಸಬೇಕೆಂಬುದನ್ನು ಮರೆಯಲಾಗದು. ಹೀಗೆ ಓದಿಸಿದಾಗ ಮೊದಲನೆಯದು ಸೋತಿತು. ಮೂರನೆಯದೂ ಸೋತದ್ದು ನಮಗೆ ಆಶ್ಚರ್ಯವನ್ನುಂಟುಮಾಡಿತು. ಅದೇ ಚಿತ್ರದ ಕಪ್ಪುಬಿಳುಪಿನ ಪ್ರತಿಯನ್ನು ತೆಗೆದಾಗ ಕಾರಣ ತಿಳಿಯಿತು: ಕೆಂಪೂ ಕಡುನೀಲಿಯೂ ಒಂದೇ ತೆರನಾದ ಬೂದುಬಣ್ಣವಾಗಿದ್ದುವು. ದೂರದ ಕಣ್ಣಿಗೆ ಬೇಕಾದುದು ಬಣ್ಣದ ಭೇದಕ್ಕಿಂತ ಬೆಳಕು-ಕತ್ತಲೆಗಳ ಭೇದ.

ಇನ್ನು ಬಣ್ಣದ ಎಣಿಕೆ. ಸ್ಕ್ರೀನ್ ಮುದ್ರಣದಲ್ಲಿ ಚೌಕಟ್ಟಿಗೆ ಬಿಗಿದ ಜಾಲರಿಗೆ ಬೆಳಕಿನಿಂದ ಗಟ್ಟಿಯಾಗುವ ಲೇಪವನ್ನು ಬಳಿದು, ಅದರ ಮೇಲೆ ಚಿತ್ರದ ಕಪ್ಪು ಪ್ರತಿಯನ್ನಿರಿಸಿ ಬೆಳಕು ಹಾಯಿಸುತ್ತಾರೆ. ಕಪ್ಪಿನ ಮರೆಯಲ್ಲಿದ್ದ ಲೇಪವು ನೀರಿನಲ್ಲಿ ತೊಳೆದುಹೋಗುತ್ತದೆ. ಆ ತೆರಪಿನ ಮೂಲಕ ಶಾಯಿಯನ್ನು ರಬ್ಬರಿನ ಅಲಗಿನಿಂದ ಬಟ್ಟೆಗೆ ಎಳೆಯುತ್ತಾರೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನ್. ಕಪ್ಪು ಬಟ್ಟೆಯ ಮೇಲೆ ಬಣ್ಣಗಳು ಮಂಕಾಗದಂತೆ ಅಡಿಯಲ್ಲಿ ಬಿಳಿಯ ಪದರವೊಂದನ್ನು ಹಾಕಬೇಕಾದುದರಿಂದ ನವಿಲಿಗೆ ನಾಲ್ಕಲ್ಲ, ಐದು ಸ್ಕ್ರೀನ್ ಬೇಕು. ಅವುಗಳಲ್ಲಿ ಒಂದು ತುಸು ಸರಿದರೂ ಗರಿಯ ಅಂಚಿನಲ್ಲಿ ಬಿಳಿಯ ಗೆರೆ ಇಣುಕುತ್ತದೆ. ದೀಪದ ಚಿತ್ರಕ್ಕೆ ಎರಡೇ ಸಾಕು. ಅಕ್ಷರದ ಬಿಳಿಯೇ ಹಳದಿಗೂ ಅಡಿಪದರವಾಗುತ್ತದೆ.

ದರಗಳು ಅಂಗಡಿಯಿಂದ ಅಂಗಡಿಗೆ ಬೇರೆ. ಲೆಕ್ಕದ ಸೌಕರ್ಯಕ್ಕಾಗಿ ಸ್ಕ್ರೀನಿಗೆ 400 ರೂಪಾಯಿ, ಅಂಗಿಯೊಂದಕ್ಕೆ ಪ್ರತಿಯೊಂದು ಎಳೆತಕ್ಕೆ 12 ರೂಪಾಯಿ ಎಂದಿಟ್ಟುಕೊಳ್ಳೋಣ. 60 ಅಂಗಿಗಳಿಗೆ ನವಿಲಿನ ಮುದ್ರಣಕ್ಕೆ 2000ಕ್ಕೆ 3600 ಸೇರಿ 5600 ರೂಪಾಯಿ; ದೀಪಕ್ಕೆ 2240; ಒಂದೇ ಬಣ್ಣಕ್ಕೆ 1120. ಅಂಗಿಗಳು ಹತ್ತೇ ಆಗಿದ್ದರೆ ನವಿಲಿನ ಮುದ್ರಣ ಒಂದೊಂದಕ್ಕೆ 260 ರೂಪಾಯಿ ಬೀಳುತ್ತಿತ್ತು. ಏಕೆಂದರೆ ಸ್ಕ್ರೀನಿನ ಖರ್ಚನ್ನು ಹಂಚಿಕೊಳ್ಳಲು ಅಂಗಿಗಳು ಸಾಲವು. ಅಷ್ಟು ಕಡಮೆ ಅಂಗಿಗಳಿಗೆ, ಬಣ್ಣ ಎಷ್ಟಿದ್ದರೂ ಸ್ಕ್ರೀನ್ ಬೇಡದ ಡಿಜಿಟಲ್ ಮುದ್ರಣದ ದರವನ್ನೂ ವಿಚಾರಿಸುವುದು ಲೇಸು.

ಕಡೆಗೆ ಮೂರನೆಯ ಚಿತ್ರವನ್ನೇ ಆರಿಸಿ, ಕೆಂಪಿನ ಬದಲು ಬಿಳಿಯ ಶಾಯಿಯನ್ನು ಗೊತ್ತುಮಾಡಿದೆವು. ದೀಪವನ್ನು ಬಿಡಲು ಒಪ್ಪದವರು ಇಬ್ಬರಿದ್ದರು. ಅದನ್ನು ಅಕ್ಷರಗಳ ಕೆಳಗೆ, ಅದೇ ಬಿಳಿಯಲ್ಲಿ, ಅದೇ ಸ್ಕ್ರೀನಿನಲ್ಲಿ ಕೂಡಿಸಿದೆವು; ಖರ್ಚು ಒಂದು ಕಾಸೂ ಏರಲಿಲ್ಲ. ಸ್ಕ್ರೀನುಗಳನ್ನು ಹೆಚ್ಚಿಸುವುದು ಬಣ್ಣವೇ ಹೊರತು ಆಕಾರವಲ್ಲ. ಮುದ್ರಣಾಲಯದವರು ಎಲ್ಲ 60ನ್ನೂ ಎಳೆಯುವ ಮೊದಲು ಒಂದು ಅಂಗಿಯನ್ನು ಮುದ್ರಿಸಿ ಕೊಟ್ಟರು. ಅದನ್ನು ತೊಟ್ಟ ಹುಡುಗನನ್ನು ಶಾಲೆಯ ಅಂಗಳದಲ್ಲಿ 30 ಅಡಿ ದೂರ ನಿಲ್ಲಿಸಿ, ಎರಡನೆಯ ತರಗತಿಯ ಮಗುವೊಂದನ್ನು ಕರೆದು ಕೇಳಿದೆವು. ಮಗು ತಡವರಿಸದೆ ‘ನೆರವು’ ಎಂದು ಓದಿತು. ಉಳಿದ 59ನ್ನು ಮುದ್ರಿಸಲು ಆಮೇಲೆಯೇ ಹೇಳಿಕಳುಹಿಸಿದೆವು.