ರಾತ್ರಿ ಊಟದ ಹೊತ್ತಿಗೆ ಹೋಗಿ ನೋಡು

ಮಗೂ, ನಿನ್ನಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಿದರೆ ಪಾಪ ಸುತ್ತಿಕೊಳ್ಳುತ್ತದೆಯೇ ಎಂದು ಕೇಳಿದೆಯಲ್ಲ. ನನ್ನಮ್ಮನಿಗೆ, ಅಂದರೆ ನಿನ್ನಜ್ಜಿಗೆ, ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದಾಗ ನಿನಗೆ ನಾಲ್ಕು ವರ್ಷ. ಎಂಟು ತಿಂಗಳು ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ನಾನೂ ನಿನ್ನ ಮಾವನೂ ಕೆಲಸಕ್ಕೆ ಹೋಗುವವರು. ಹೋಮ್ ನರ್ಸ್‌ಗಳು ಒಂದು ತಿಂಗಳೂ ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಬೆನ್ನಿನ ಬುಡದಲ್ಲಿ ಕೆಂಪು ಕಲೆ ಕಂಡಿತು. ಬೆರಳಲ್ಲಿ ಒತ್ತಿದರೂ ಅದು ಬಿಳಿಚಲಿಲ್ಲ. ಬೆಡ್‌ಸೋರ್ ಶುರುವಾಗುವುದೇ ಹಾಗೆ. ನಮ್ಮಿಂದಾಗದು ಎಂದು ಅವತ್ತು ಒಪ್ಪಿಕೊಂಡೆ. ಅದಕ್ಕಾಗಿ ನಾನು ಇವತ್ತಿಗೂ ನೊಂದುಕೊಳ್ಳುವುದಿಲ್ಲ.

ನೊಂದುಕೊಳ್ಳುವುದು ಆಮೇಲಿನದಕ್ಕೆ. ಮನಸ್ಸು ಚುಚ್ಚುತ್ತಿತ್ತಲ್ಲ, ನನಗೇ ಸಮಾಧಾನವಾಗುವಂಥ ಜಾಗ ಹುಡುಕಿದೆ. ತೋಟ, ಪುಟ್ಟ ಗುಡಿ, ಸಂಜೆ ಭಜನೆ. ಭಾನುವಾರ ಸಂಜೆ ನಾಲ್ಕಕ್ಕೆ ಹೋಗಿ ನೋಡಿ ಒಪ್ಪಿಬಿಟ್ಟೆ. ಹಾಸಿಗೆಯಿಂದ ಏಳಲಾರದ ಅಮ್ಮನಿಗೆ ಆ ತೋಟದಿಂದ ಏನಾಗಬೇಕಿತ್ತು? ಹೋದಾಗಲೆಲ್ಲ ಅವಳು, ‘ಮನೆಗೆ ಕರ್ಕೊಂಡು ಹೋಗೇ’ ಎನ್ನುತ್ತಿದ್ದಳು. ಅದನ್ನು ಕೇಳಲಾರದೆ ಎರಡು ವಾರ ಹೋಗಲೇ ಇಲ್ಲ. ಮೂರನೆಯ ವಾರ ಹೊದಿಕೆ ಸರಿಸಿದರೆ ಹಿಮ್ಮಡಿ ಕಪ್ಪಗಾಗಿತ್ತು. ರಾತ್ರಿ ಪಾಳಿಯಲ್ಲಿ ಹದಿನೆಂಟು ಜನಕ್ಕೆ ಒಬ್ಬಳೇ ಆಯಾ ಎಂಬುದು ಆಮೇಲೆ ತಿಳಿಯಿತು.

ಎರಡನೆಯ ಜಾಗ ನೋಡಲು ರಾತ್ರಿ ಊಟದ ಹೊತ್ತಿಗೆ ಹೋದೆ. ನೀನೂ ಹಾಗೇ ಮಾಡು. ರಾತ್ರಿ ಎಷ್ಟು ಜನ ಇರುತ್ತಾರೆ, ಮಗ್ಗುಲು ಬದಲಿಸಿದ್ದನ್ನು ಎಲ್ಲಿ ಬರೆದಿಡುತ್ತಾರೆ ಎಂದು ಕೇಳಿ, ಆ ಪುಸ್ತಕವನ್ನೇ ತೋರಿಸಿ ಅನ್ನು. ಪಾರ್ಶ್ವವಾಯು ಆದ ಅನೇಕರಿಗೆ ನುಂಗುವುದು ಕಷ್ಟ, ನೀರು ಕೂಡ ಶ್ವಾಸನಾಳಕ್ಕೆ ಹೋಗಬಹುದು. ಕೂರಿಸಿ ನಿಧಾನವಾಗಿ ತಿನ್ನಿಸುತ್ತಾರೋ, ಮಲಗಿದ್ದಂತೆಯೇ ತುರುಕುತ್ತಾರೋ ನಿಂತು ನೋಡು. ಎಷ್ಟೋ ವೃದ್ಧಾಶ್ರಮಗಳು ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಅಮ್ಮನ ಸ್ಥಿತಿ ಇನ್ನೂ ಕೆಟ್ಟರೆ ಇಟ್ಟುಕೊಳ್ಳುತ್ತೀರಾ, ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ನಾವು ಬಿಡಿಸಿಕೊಂಡು ಹೋದರೆ ಠೇವಣಿ ಎಷ್ಟು ವಾಪಸ್ ಬರುತ್ತದೆ, ಈ ಮೂರನ್ನೂ ಬರೆಸಿಕೋ. ಮೊದಲು ಒಂದು ತಿಂಗಳಿಗೆ ಮಾತ್ರ ಒಪ್ಪು.

ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಎಲ್ಲಾದರೂ ಬಿಟ್ಟು ಕೈತೊಳೆದುಕೊಂಡರೆ 2007ರ ಕಾಯ್ದೆಯ ಪ್ರಕಾರ ಅಪರಾಧ, 3 ತಿಂಗಳವರೆಗೆ ಸೆರೆವಾಸವೂ ಆಗಬಹುದು. ಸೇರಿಸುವುದು ಬೇರೆ, ತೊರೆಯುವುದು ಬೇರೆ. ನಾನು ಆ ಎರಡು ವಾರ ತೊರೆಯುವುದರ ಹತ್ತಿರಕ್ಕೆ ಹೋಗಿದ್ದೆ. ಆಮೇಲೆ ಮಂಗಳವಾರ, ಶನಿವಾರ ತಪ್ಪಿಸಲಿಲ್ಲ. ಕೈಯಾರೆ ತಿನ್ನಿಸುತ್ತಿದ್ದೆ, ಹಿಮ್ಮಡಿ, ಬೆನ್ನಿನ ಬುಡ ನೋಡುತ್ತಿದ್ದೆ, ತಿಂಗಳಿಗೊಮ್ಮೆ ತೂಕ ಕೇಳುತ್ತಿದ್ದೆ. ‘ಮನೆಗೆ ಕರ್ಕೊಂಡು ಹೋಗು’ ಎನ್ನುವುದನ್ನು ಅಮ್ಮ ಪೂರ್ತಿ ಬಿಡಲಿಲ್ಲ. ‘ನನ್ನ ಕೈಲಿ ಆಗ್ತಿಲ್ಲಮ್ಮ, ಶನಿವಾರ ಬರ್ತೀನಿ’ ಎನ್ನುತ್ತಿದ್ದೆ.

ನಿನ್ನಮ್ಮನಿಗೆ ಬುದ್ಧಿ ನೆಟ್ಟಗಿದೆ. ಡಾಕ್ಟರಿಗೆ ತೋರಿಸಿಕೊಂಡು ಬರೋಣ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡ. ಕೂತು ಹೇಳು, ಬೈದರೆ ಬೈಸಿಕೋ. ಅವಳದೇ ಹೊದಿಕೆ, ರೇಡಿಯೋ ಜೊತೆಗೆ ಕಳಿಸು. ಮೊದಲ ರಾತ್ರಿ ನೀನೂ ಅಲ್ಲೇ ಉಳಿಯಲು ಬಿಡುತ್ತಾರಾ ಕೇಳು.