ಲಿಫ್ಟಿನ ಗೋಡೆ ಕಾಂಕ್ರೀಟಾ, ಇಟ್ಟಿಗೆಯಾ? ಫ್ಲ್ಯಾಟ್ ಕೊಳ್ಳುವ ಮುನ್ನ ನಕ್ಷೆ ಓದುವ ಬಗೆ

ಚೆನ್ನೈಯ ಕ್ರೋಂಪೇಟೆಯಲ್ಲಿ ಫ್ಲ್ಯಾಟ್ ನೋಡಲು ಹೋದವರು ನೀರು, ರೈಲು ನಿಲ್ದಾಣದ ದೂರ, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ವಿಚಾರಿಸುತ್ತಾರೆ. ಬಿರುಗಾಳಿ ಪಕ್ಕದಿಂದ ತಳ್ಳಿದಾಗ ಕಟ್ಟಡವನ್ನು ಹಿಡಿದು ನಿಲ್ಲಿಸುವುದು ಯಾವುದು ಎಂದು ಕೇಳುವವರು ಅಪರೂಪ. ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಬಣ್ಣದ ಬ್ರೋಷರ್ ಬದಿಗಿಟ್ಟು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆಯನ್ನು ಕೇಳಿ ಪಡೆಯಿರಿ.

ಮೊದಲು ಗಾಳಿಯ ಲೆಕ್ಕ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಚೆನ್ನೈಯ ಮೂಲ ಗಾಳಿವೇಗ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ಬೆಂಗಳೂರಿಗೆ ಇದು 33 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು ಸುಮಾರು ಹತ್ತರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ: ಚೆನ್ನೈಯಲ್ಲಿ ಒಂದು ಚದರ ಮೀಟರಿಗೆ ಸುಮಾರು 150 ಕೆ.ಜಿ., ಬೆಂಗಳೂರಿನಲ್ಲಿ 65 ಕೆ.ಜಿ. 30 ಮೀಟರ್ ಅಗಲ, 45 ಮೀಟರ್ ಎತ್ತರದ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ. ಚೆನ್ನೈಯ ಗಾಳಿ ಅದನ್ನು ಸುಮಾರು 200 ಟನ್ ಬಲದಿಂದ ತಳ್ಳುತ್ತದೆ. ಅದೇ ಕಟ್ಟಡ ಬೆಂಗಳೂರಿನಲ್ಲಿದ್ದರೆ ಸುಮಾರು 90 ಟನ್ ಅಷ್ಟೇ. ಎತ್ತರ, ಆಕಾರ, ಸುತ್ತಲಿನ ಕಟ್ಟಡಗಳನ್ನು ಸೇರಿಸಿ ಎಂಜಿನಿಯರ್ ಮಾಡುವ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಆದರೂ ಹೊರೆ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯುತ್ತದೆ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೇ ಅಪ್ಪಳಿಸಿತ್ತು, ಹಾಗಾಗಿ ಇದು ಬರೀ ಕಾಗದದ ಮಾತಲ್ಲ.

ಈಗ ನಕ್ಷೆಯಲ್ಲಿ ಲಿಫ್ಟನ್ನು ಹುಡುಕಿ. ಲಿಫ್ಟ್ ಮತ್ತು ಮೆಟ್ಟಿಲಿನ ಸುತ್ತ ದಪ್ಪ ಗೆರೆಯಲ್ಲಿ ತುಂಬಿದ ಗೋಡೆಗಳಿದ್ದರೆ ಅವು ಕಬ್ಬಿಣ ಹಾಕಿ ಎರಕ ಹೊಯ್ದ ಶಿಯರ್ ವಾಲ್‌ಗಳು. ಆ ಪೆಟ್ಟಿಗೆಯೇ ಲಿಫ್ಟ್ ಕೋರ್. ನಾಲ್ಕು ಮೂಲೆಗೆ ಪಿಲ್ಲರ್ ನಿಲ್ಲಿಸಿ ನಡುವೆ ಇಟ್ಟಿಗೆ ಕಟ್ಟಿದ್ದರೆ ಅದು ಕೋರ್ ಅಲ್ಲ. ಪ್ಲಾಸ್ಟರ್ ಬಿದ್ದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಆದ್ದರಿಂದ ನಕ್ಷೆಯನ್ನೇ ನಂಬಬೇಕು.

ಗೋಡೆಗೆ ಇಷ್ಟು ಬಲ ಎಲ್ಲಿಂದ ಬರುತ್ತದೆ? ಅದರ ಉದ್ದದಿಂದ. ಬಾಗದಂತೆ ಬಿಗಿಯಾಗಿ ನಿಲ್ಲುವ ಗುಣ ಉದ್ದದ ಘನದಂತೆ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. 200 ಮಿ.ಮೀ. ದಪ್ಪ, 4 ಮೀಟರ್ ಉದ್ದದ ಒಂದು ಗೋಡೆಯ ಅಡ್ಡಕೊಯ್ತದ ಬಿಗಿ, 300x600 ಮಿ.ಮೀ.ನ ಸುಮಾರು 200 ಪಿಲ್ಲರ್‌ಗಳ ಬಿಗಿಗೆ ಸಮ. ಅದೇ ಗೋಡೆಯನ್ನು ದಪ್ಪದ ದಿಕ್ಕಿನಲ್ಲಿ ತಳ್ಳಿದರೆ ಆ ಬಿಗಿಯಲ್ಲಿ 400ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಶಾಲಾ ಮಕ್ಕಳ ಸ್ಕೇಲನ್ನು ಅಗಲಕ್ಕೆ ಬಾಗಿಸಲಾಗದು, ಚಪ್ಪಟೆಯಾಗಿ ಹಿಡಿದರೆ ಸಲೀಸಾಗಿ ಬಾಗುತ್ತದೆ ಅಲ್ಲವೇ, ಹಾಗೆ. ಆದ್ದರಿಂದ ಉದ್ದದ ಗೋಡೆಗಳು ಎರಡೂ ದಿಕ್ಕಿಗೆ ಇವೆಯೇ ಎಂದು ಎಣಿಸಿ ನೋಡಿ. ರಸ್ತೆಗೆ ಸಮಾನಾಂತರವಾಗಿ ಮಾತ್ರ ಗೋಡೆಗಳಿದ್ದರೆ ಅರ್ಧ ಕೆಲಸವಷ್ಟೇ ಆಗಿದೆ.

ಇನ್ನು ಕೋರ್ ಇರುವ ಜಾಗ. ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಪರೀಕ್ಷೆ ಇದು. ಗಾಳಿ ಕಟ್ಟಡದ ನಡುವಿಗೆ ತಳ್ಳುತ್ತದೆ, ತಡೆಯುವ ಕೋರ್ ಒಂದು ತುದಿಯಲ್ಲಿದ್ದರೆ ಕಟ್ಟಡ ಬಾಗುವುದಷ್ಟೇ ಅಲ್ಲ, ತಿರುಚುತ್ತದೆ. ನಮ್ಮ ಉದಾಹರಣೆಯ ಕಟ್ಟಡದ ಕೋರ್ ನಡುವಿನಿಂದ 10 ಮೀಟರ್ ಸರಿದಿದ್ದರೆ ತಿರುಚುವ ಬಲ 2,000 ಟನ್-ಮೀಟರ್. ದೂರದ ತುದಿಯ ಪಿಲ್ಲರ್‌ಗಳು ಆಗ ಹೆಚ್ಚು ಪೆಟ್ಟು ತಿನ್ನುತ್ತವೆ. ಭೂಕಂಪದಲ್ಲೂ ಹೀಗೆಯೇ. 2011ರ ಫೆಬ್ರವರಿ 22ರ ಭೂಕಂಪದಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಸಿಟಿವಿ ಕಟ್ಟಡ ಕುಸಿದು 115 ಜನ ಸತ್ತರು. ಲಿಫ್ಟ್ ಮತ್ತು ಮೆಟ್ಟಿಲಿನ ಕೋರ್ ಕಟ್ಟಡದ ಉತ್ತರ ಅಂಚಿನಲ್ಲಿತ್ತು. ಮಹಡಿಗಳು ಬಿದ್ದವು, ಕೋರ್ ಮಾತ್ರ ನಿಂತಿತ್ತು. ಮಹಡಿಗಳನ್ನು ಕೋರ್‌ಗೆ ಬಿಗಿದಿದ್ದ ಜೋಡಣೆ ದುರ್ಬಲವಾಗಿತ್ತು ಎಂಬುದೂ ತನಿಖೆಯಲ್ಲಿ ಹೊರಬಂತು. ಗೋಡೆ ಎಷ್ಟೇ ಗಟ್ಟಿಯಿದ್ದರೂ ಹೊರೆಯನ್ನು ಅಲ್ಲಿಗೆ ತಲುಪಿಸುವುದು ಸ್ಲ್ಯಾಬ್. ಕೋರ್‌ನ ಸುತ್ತ ಡಕ್ಟ್, ಶಾಫ್ಟ್ ಎಂದು ಮೂರು ಬದಿಯೂ ತೆರೆದಿದ್ದರೆ ಹೊರೆ ಸಾಗಲು ದಾರಿಯೇ ಇರುವುದಿಲ್ಲ. ಅಂಚಿನಲ್ಲಿ ಕೋರ್ ಇಡಲೇಬೇಕಾದರೆ ಎದುರು ತುದಿಗೂ ಶಿಯರ್ ವಾಲ್ ಇರಬೇಕು.

ಬಳಿಕ ಪ್ರತಿ ಗೋಡೆಯನ್ನೂ ಮಹಡಿ ಮಹಡಿಯಾಗಿ ಪಾಯದವರೆಗೆ ಬೆರಳಿಟ್ಟು ಹಿಂಬಾಲಿಸಿ. ಕ್ರೋಂಪೇಟೆಯಲ್ಲಿ ನೆಲಮಟ್ಟ ಹೆಚ್ಚಾಗಿ ಕಾರುಗಳ ಪಾಲು. ಕಾರು ತಿರುಗಲೆಂದು ಗೋಡೆಯನ್ನು ಮೊದಲ ಮಹಡಿಯಲ್ಲೇ ನಿಲ್ಲಿಸಿ ಪಿಲ್ಲರ್ ಮೇಲೆ ಕೂರಿಸಿದ್ದರೆ, ಹೊರೆ ಅತಿ ಹೆಚ್ಚಿರುವ ಕಡೆಯೇ ಬಲ ಅತಿ ಕಡಿಮೆ. ಚೆನ್ನೈ ಭೂಕಂಪದ 3ನೇ ವಲಯದಲ್ಲಿರುವುದರಿಂದ ಇದನ್ನು ಸಣ್ಣ ದೋಷವೆಂದು ಬಿಡುವಂತಿಲ್ಲ.

ಕಟ್ಟಡ ಇನ್ನೂ ಏಳುತ್ತಿದ್ದರೆ ಲಿಫ್ಟಿನ ಬಾಗಿಲ ಮೇಲಿನ ಗಿಡ್ಡ ಬೀಮ್ ನೋಡಿ. ಬಾಗಿಲಿನ ಎರಡೂ ಕಡೆಯ ಗೋಡೆಗಳನ್ನು ಒಂದಾಗಿಸುವುದು ಅದೇ. ನಡುಗಿದಾಗ ಮೊದಲು ಬಿರುಕು ಬಿಡುವುದೂ ಅದೇ. ಕೇಬಲ್ ಅಥವಾ ಪೈಪಿಗಾಗಿ ಅದನ್ನು ಕೊರೆದಿದ್ದರೆ ಕೂಡಲೇ ಪ್ರಶ್ನಿಸಿ. ಗೋಡೆಯ ಬುಡದಲ್ಲಿ ಸಿಮೆಂಟ್ ಸೇರದೆ ಜಲ್ಲಿ ಎದ್ದು ಕಾಣುತ್ತಿದ್ದರೆ, ಮೇಲೆ ಗಾರೆ ಮೆತ್ತುವ ಮೊದಲು ಎಂಜಿನಿಯರ್ ಅದನ್ನು ನೋಡಲೇಬೇಕು.

ಈ ನಕ್ಷೆಯನ್ನು ತೋರಿಸಲು ಬಿಲ್ಡರ್ ಒಪ್ಪದಿದ್ದರೆ ಮುಂಗಡ ಕೊಡಬೇಡಿ. ನಕ್ಷೆ ಕೊಟ್ಟರೆ, ಆ ಯೋಜನೆಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ಶುಲ್ಕ ಕೊಟ್ಟು ಒಮ್ಮೆ ಓದಿಸಿ, ಆಮೇಲೆ ಸಹಿ ಹಾಕಿ.