ಮೊದಲ ಪ್ಯಾರಾದಲ್ಲೇ ಮೊತ್ತ ಹೇಳಿ: ಪ್ರಾಯೋಜಕತ್ವದ ಮನವಿಗೆ ಐದು ಸೂತ್ರಗಳು

ಹವ್ಯಾಸಿ ನಾಟಕ ತಂಡಗಳ ಮನವಿ ಪತ್ರಗಳು ಸಾಮಾನ್ಯವಾಗಿ ಶುರುವಾಗುವುದು ಹೀಗೆ: ‘ಕಳೆದ ಮೂರು ದಶಕಗಳಿಂದ ಕಲೆ, ಸಂಸ್ಕೃತಿಯ ಸೇವೆಯಲ್ಲಿ ನಿರತವಾಗಿರುವ ನಮ್ಮ ಸಂಸ್ಥೆಯು ತಮ್ಮಂಥ ಸಹೃದಯರ ಉದಾರ ನೆರವನ್ನು ಕೋರುತ್ತದೆ.’ ಓದುವವರಿಗೆ ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು ಎರಡೂ ತಿಳಿಯುವುದಿಲ್ಲ. ಆ ಎರಡೂ ನಾಲ್ಕನೇ ಪುಟದ ಖರ್ಚುಪಟ್ಟಿಯಲ್ಲಿ ಅಡಗಿರುತ್ತವೆ. ಅಲ್ಲಿಯವರೆಗೆ ಓದುವ ಪುರುಸೊತ್ತು ಯಾರಿಗಿದೆ? ಊರಿನ ಬೈಕ್ ಶೋರೂಮೊಂದಕ್ಕೆ ಮೂರು ದಿನಗಳ ನಾಟಕೋತ್ಸವಕ್ಕಾಗಿ ಬರೆಯುವ ಮನವಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಕಿಗಳು ಕಲ್ಪಿತ, ವಿಧಾನ ಮಾತ್ರ ಎಲ್ಲ ಕಡೆಗೂ ಸಲ್ಲುವಂಥದ್ದು.

1. ಯಾವ ಲೆಕ್ಕದ ಹಣ ಕೇಳುತ್ತಿದ್ದೀರಿ, ಮೊದಲು ತೀರ್ಮಾನಿಸಿ. ಕಂಪನಿಯ ಪ್ರಚಾರದ ಹಣ ಬೇರೆ, ಸಿಎಸ್‌ಆರ್ ಹಣ ಬೇರೆ. ತಮ್ಮ ಸರಕು, ಸೇವೆಗಳ ಪ್ರಚಾರಕ್ಕಾಗಿ ಕೊಟ್ಟ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಖರ್ಚೆಂದು ತೋರಿಸಲು ನಿಯಮ ಒಪ್ಪುವುದಿಲ್ಲ. ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಒಂದು ಬಾರಿಯ ಕಾರ್ಯಕ್ರಮಗಳೂ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸ್ಪಷ್ಟಪಡಿಸಿದೆ. ಆದ್ದರಿಂದ ‘ಸಿಎಸ್‌ಆರ್ ನಿಧಿಯಿಂದ ನೆರವಾಗಿ, ವೇದಿಕೆ ಮೇಲೆ ನಿಮ್ಮ ಬ್ಯಾನರ್ ಕಟ್ಟುತ್ತೇವೆ’ ಎಂದು ಒಂದೇ ಉಸಿರಿನಲ್ಲಿ ಬರೆದರೆ ಆ ಪತ್ರ ಯಾವ ವಿಭಾಗದ ಮೇಜಿನಲ್ಲೂ ನಿಲ್ಲುವುದಿಲ್ಲ. ಶೋರೂಮಿಗೆ ಬರೆಯುವಾಗ ನೇರವಾಗಿ ಪ್ರಚಾರದ ಹಣವನ್ನೇ ಕೇಳಿ. ಸಿಎಸ್‌ಆರ್ ಬೇಕಿದ್ದರೆ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷವಿಡೀ ನಡೆಸುವ ರಂಗ ತರಬೇತಿಯಂಥ ಯೋಜನೆಯನ್ನು ಪ್ರತ್ಯೇಕವಾಗಿ ಬರೆಯಿರಿ, ಸಂಸ್ಥೆಯ CSR-1 ನೋಂದಣಿ ಸಂಖ್ಯೆಯನ್ನು ಮೊದಲ ಪುಟದಲ್ಲೇ ಕೊಡಿ.

2. ಮೊದಲೆರಡು ವಾಕ್ಯಗಳಲ್ಲಿ ಏನು, ಎಂದು, ಎಲ್ಲಿ, ಎಷ್ಟು ಮುಗಿಯಲಿ. ಹೀಗೆ:

‘ಡಿಸೆಂಬರ್ 12, 13, 14ರಂದು ಊರಿನ ರಂಗಮಂದಿರದಲ್ಲಿ ಮೂರು ನಾಟಕಗಳ ಉತ್ಸವ ನಡೆಸುತ್ತಿದ್ದೇವೆ. ಇದರ ಮುಖ್ಯ ಪ್ರಾಯೋಜಕರಾಗಿ ತಾವು 2.5 ಲಕ್ಷ ರೂಪಾಯಿ ನೀಡಬೇಕೆಂದು ಕೋರುತ್ತೇವೆ.’

ಮೊತ್ತ ಹೇಳಲು ನಮ್ಮವರಿಗೆ ಸಂಕೋಚ. ‘ಯಥಾಶಕ್ತಿ’ ಎಂದು ಬರೆದರೆ ವಿನಯ ಅನ್ನಿಸಬಹುದು, ಆದರೆ ಲೆಕ್ಕ ಹಾಕುವ ಕೆಲಸವನ್ನು ಅದು ಎದುರಿನವರ ತಲೆಗೆ ಕಟ್ಟುತ್ತದೆ. ಅವರೂ ಐದು ಸಾವಿರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಜಿಎಸ್‌ಟಿ ಅನ್ವಯಿಸುವುದಾದರೆ ಅದು ಮೊತ್ತದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಅಲ್ಲೇ ಹೇಳಿಬಿಡಿ.

3. ಉಳಿದ ಹಣ ಎಲ್ಲಿಂದ ಎಂದು ತೋರಿಸಿ. ಹಣ ಕೊಡುವವರಿಗೆ ಮೊದಲು ಹುಟ್ಟುವ ಅನುಮಾನವೇ ಇದು: ನಾನು ಕೊಟ್ಟ ಮೇಲೂ ಕಾರ್ಯಕ್ರಮ ನಿಂತುಹೋದರೆ?

‘ಒಟ್ಟು ಖರ್ಚು 6 ಲಕ್ಷ. ಸಹಕಾರಿ ಬ್ಯಾಂಕಿನ 1.5 ಲಕ್ಷ ಕೈಸೇರಿದೆ. ಟಿಕೆಟ್ ಮತ್ತು ಸದಸ್ಯರ ವಂತಿಗೆಯಿಂದ 2 ಲಕ್ಷ ನಿರೀಕ್ಷಿಸಿದ್ದೇವೆ. ತಮ್ಮ ಹಣ ಹೊರಗಿನ ಎರಡು ತಂಡಗಳ ಪ್ರಯಾಣ, ವಸತಿ ಮತ್ತು ಬೆಳಕು, ಧ್ವನಿಯ ಬಾಡಿಗೆಗೆ ಹೋಗುತ್ತದೆ.’

ಕೈಸೇರಿದ್ದನ್ನೂ ನಿರೀಕ್ಷೆಯನ್ನೂ ಇಲ್ಲಿ ಬೆರೆಸಿಲ್ಲ, ಗಮನಿಸಿ. ಅವರಿಂದ ಕೇಳಿದ 2.5 ಲಕ್ಷವೂ ಸೇರಿ ಮೂರು ಮೊತ್ತಗಳನ್ನು ಕೂಡಿದರೆ ಆರು ಲಕ್ಷಕ್ಕೆ ಸರಿಹೋಗಬೇಕು. ವ್ಯಾಪಾರದವರು ಇದನ್ನು ಬಾಯಿಲೆಕ್ಕದಲ್ಲೇ ಕೂಡಿ ನೋಡುತ್ತಾರೆ. ತಾಳೆಯಾಗದಿದ್ದರೆ ಮುಂದಿನ ಪುಟಗಳ ಮೇಲೂ ನಂಬಿಕೆ ಹೋಗುತ್ತದೆ.

4. ಅವರಿಗೆ ಸಿಗುವುದನ್ನು ಎಣಿಸಲು ಬರುವಂತೆ ಬರೆಯಿರಿ. ‘ವ್ಯಾಪಕ ಪ್ರಚಾರ’ ಎಂದರೆ ಏನೂ ಇಲ್ಲ ಎಂದೇ ಅರ್ಥ.

‘ಕಳೆದ ವರ್ಷ ಮೂರು ಸಂಜೆಗಳಲ್ಲಿ 1,040 ಟಿಕೆಟ್ ಮಾರಾಟವಾದವು, ಬಂದವರಲ್ಲಿ ಕಾಲೇಜು ವಿದ್ಯಾರ್ಥಿಗಳೇ ಹೆಚ್ಚು. ಪ್ರತಿ ಟಿಕೆಟ್ಟಿನ ಹಿಂಬದಿ ತಮ್ಮದು. ರಂಗಮಂದಿರದ ಬಾಗಿಲಲ್ಲಿ ಮೂರೂ ದಿನ ಎರಡು ಬೈಕ್ ನಿಲ್ಲಿಸಲು ಜಾಗ ಕೊಡುತ್ತೇವೆ.’

ಶೋರೂಮಿನವರಿಗೆ ಈ ಕೊನೆಯ ವಾಕ್ಯ ಹತ್ತು ಬ್ಯಾನರುಗಳಿಗಿಂತ ಹೆಚ್ಚು. ಅದೇ ಉತ್ಸವದ ಮನವಿ ಪುಸ್ತಕದಂಗಡಿಗೆ ಹೋಗುವಾಗ ಈ ಪ್ಯಾರಾ ಪೂರ್ತಿ ಬದಲಾಗಬೇಕು. ಹೆಸರಷ್ಟೇ ತಿದ್ದಿದರೆ ಸಾಲದು. ರಂಗಮಂದಿರದ ಅನುಮತಿ ಸಿಗುವ ಮೊದಲು ಮಾತ್ರ ಜಾಗದ ಭರವಸೆ ಕೊಡಬೇಡಿ.

5. ಗಡುವು ಮತ್ತು ಅದರ ಕಾರಣ, ಒಂದೇ ಸಾಲು. ‘ಅಕ್ಟೋಬರ್ 30ರೊಳಗೆ ತಿಳಿಸಿದರೆ ನವೆಂಬರ್ ಮೊದಲ ವಾರ ಅಚ್ಚಿಗೆ ಹೋಗುವ ಟಿಕೆಟ್ಟಿನಲ್ಲಿ ತಮ್ಮ ಹೆಸರು ಸೇರುತ್ತದೆ.’ ಕೆಳಗೆ ಒಬ್ಬರದೇ ಹೆಸರು, ಒಂದೇ ಮೊಬೈಲ್ ಸಂಖ್ಯೆ ಇರಲಿ.

ತಂಡದ ಇತಿಹಾಸ, ಪ್ರಶಸ್ತಿ, ಹಳೆಯ ಫೋಟೊಗಳೆಲ್ಲ ಎರಡನೇ ಪುಟಕ್ಕೆ ಹೋಗಲಿ. ಕಳಿಸುವ ಮುಂಚೆ ಮೊದಲ ಪುಟವನ್ನು ನಾಟಕದ ಗಂಧವಿಲ್ಲದ ಪರಿಚಿತರೊಬ್ಬರ ಕೈಗೆ ಕೊಡಿ. ಒಂದು ನಿಮಿಷಕ್ಕೆ ವಾಪಸ್ ಪಡೆದು ಕೇಳಿ: ಎಷ್ಟು ಕೇಳಿದ್ದೇವೆ, ಯಾವುದಕ್ಕೆ, ಯಾವತ್ತಿನೊಳಗೆ? ಮೂರರಲ್ಲಿ ಒಂದಕ್ಕೆ ತಡವರಿಸಿದರೂ ಅವರಿಗೆ ವಿವರಿಸಲು ಹೋಗಬೇಡಿ, ಆ ವಾಕ್ಯವನ್ನೇ ತಿದ್ದಿ ಬರೆಯಿರಿ.